ಮಳೆಕೊಯ್ಲು ಮಾಡಿದ್ರೆ ಟ್ಯಾಂಕರ್ ಬಂದ್ ಆಗುತ್ತಾ? ರಾಯಚೂರಿನ ಒಂದು ಮಾಳಿಗೆಯ ಲೆಕ್ಕ

2022ರ ಮೇ ಕೊನೆಯಲ್ಲಿ ರಾಯಚೂರು ನಗರದ ನಲ್ಲಿಗಳಲ್ಲಿ ಕಲುಷಿತ ನೀರು ಬಂತು. ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಮರುವರ್ಷ ಮೇ ತಿಂಗಳಲ್ಲೇ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲೂ ಇಂಥದ್ದೇ ದುರಂತ ನಡೆಯಿತು. ಇದಾದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮಳೆಕೊಯ್ಲಿನ ಮಾತು ಬಂದಾಗ ಕೆಳಗಿನ ಮನೆಯ ಕಾಕಾ ಒಂದೇ ಪ್ರಶ್ನೆ ಕೇಳಿದರು: "ಒಮ್ಮೆ ರೊಕ್ಕ ಹಾಕಿದ್ರ ಟ್ಯಾಂಕರ್ ಬಂದ್ ಆಗ್ತಾವೇನ್ರಿ?"

ಆಗಲ್ಲ. ಯಾಕೆ ಆಗಲ್ಲ, ಆದರೂ ಏನು ಸಿಗುತ್ತೆ ಅನ್ನೋದನ್ನ ಐದು ಕಾರ್ಡ್‌ಗಳಲ್ಲಿ ಬಿಡಿಸಿ ಹೇಳ್ತೀನಿ.

ಕಾರ್ಡ್ 1: ಮಾಳಿಗೆ ಎಷ್ಟು ನೀರು ಕೊಡುತ್ತೆ?

ನಮ್ಮದು 12 ಮನೆ, ಸುಮಾರು 48 ಜನ. ಮಾಳಿಗೆ 3,000 ಚದರ ಅಡಿ, ಅಂದರೆ ಸುಮಾರು 280 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ರಾಯಚೂರಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ. ಆವಿಯಾಗಿ, ಚೆಲ್ಲಿ ಹೋಗೋದನ್ನ ಕಳೆದು ಶೇ. 80 ಸಿಗುತ್ತೆ ಅಂದುಕೊಂಡರೂ ವರ್ಷಕ್ಕೆ 1,34,000 ಲೀಟರ್.

ಕೇಳೋಕೆ ದೊಡ್ಡ ಸಂಖ್ಯೆ. ಆದರೆ ತಲೆಗೆ ದಿನಕ್ಕೆ 135 ಲೀಟರಿನಂತೆ ನಮ್ಮ ಕಟ್ಟಡಕ್ಕೆ ದಿನವೊಂದಕ್ಕೆ 6,480 ಲೀಟರ್ ಬೇಕು. ಇಡೀ ವರ್ಷದ ಮಳೆ ಮೂರು ವಾರದಲ್ಲಿ ಖಾಲಿ! ಒಂದೇ ಮಾಳಿಗೆಯನ್ನ 12 ಮನೆ ಹಂಚಿಕೊಳ್ಳುವುದರಿಂದ ಹೀಗಾಗುತ್ತೆ. ಸ್ವಂತ ಮನೆಯವರ ಉಳಿತಾಯದ ಕಥೆಗಳು ಅಪಾರ್ಟ್‌ಮೆಂಟಿಗೆ ಹೊಂದುವುದಿಲ್ಲ.

ಕಾರ್ಡ್ 2: ಮೊದಲ ನೀರು ಚೆಲ್ಲಲೇಬೇಕು

ಸರಳ ವ್ಯವಸ್ಥೆ ಇಷ್ಟೇ: ಮಾಳಿಗೆಯಿಂದ ಇಳಿಯುವ ಪೈಪುಗಳನ್ನು ಚರಂಡಿಯಿಂದ ಬಿಡಿಸಿ, ಜಾಲರಿ ಮತ್ತು ಫಿಲ್ಟರ್ ಮೂಲಕ ನೆಲದಡಿಯ ಸಂಪಿಗೆ ತಿರುಗಿಸೋದು. ಆದರೆ ಏಳೆಂಟು ತಿಂಗಳ ದೂಳು, ಪಾರಿವಾಳದ ಹಿಕ್ಕೆ ಎಲ್ಲ ಮೊದಲ ಮಳೆಯಲ್ಲೇ ಇಳಿಯುತ್ತೆ. ಅದಕ್ಕೆ ಮೊದಲ ಒಂದು ಮಿಲಿಮೀಟರ್ ಮಳೆಯಷ್ಟು ನೀರನ್ನ ಹೊರಗೆ ಬಿಡಬೇಕು.

ನಾವು ತಪ್ಪಿದ್ದು ಇಲ್ಲೇ. ನಾಲ್ಕು ಇಂಚಿನ ಪೈಪಿನ ಒಂದು ಮೀಟರ್ ತುಂಡನ್ನ ನಿಲ್ಲಿಸಿ, ಅದರಲ್ಲಿ ಕೊಳೆ ನೀರು ನಿಲ್ಲುತ್ತೆ ಅಂದುಕೊಂಡೆವು. ಅದರಲ್ಲಿ ಹಿಡಿಯೋದು ಸುಮಾರು 9 ಲೀಟರ್ ಮಾತ್ರ. ನಮ್ಮ ನಾಲ್ಕು ಪೈಪುಗಳಲ್ಲಿ ಒಂದೊಂದಕ್ಕೂ 70 ಚದರ ಮೀಟರ್ ಮಾಳಿಗೆ ಬರುತ್ತೆ, ಅಂದರೆ 70 ಲೀಟರ್ ಹೊರಗೆ ಹೋಗಬೇಕು. ಜೂನ್‌ನ ಮೊದಲ ಮಳೆಗೆ ಸಂಪಿನ ನೀರು ಕಂದು ಬಣ್ಣಕ್ಕೆ ತಿರುಗಿ, ಪೂರ್ತಿ ಖಾಲಿ ಮಾಡಬೇಕಾಯ್ತು. ಈಗ ಪ್ರತಿ ಪೈಪಿನ ಬುಡದಲ್ಲಿ ಒಂದು ವಾಲ್ವ್ ಇದೆ. ಅದು ತೆರೆದೇ ಇರುತ್ತೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಮಳೆ ಬಿದ್ದು ನೀರು ತಿಳಿಯಾದ ಮೇಲೆ ವಾಚ್‌ಮನ್ ಅದನ್ನ ಮುಚ್ಚುತ್ತಾರೆ.

ಕಾರ್ಡ್ 3: ಸಂಪಿನಲ್ಲಿ ಜಾಗ ಎಲ್ಲಿದೆ?

ನಲ್ಲಿ ನೀರು ಬಂದ ದಿನ ಎಲ್ಲರೂ ಸಂಪು ತುಂಬಿಸಿಡ್ತಾರೆ. ಅದೇ ರಾತ್ರಿ ಮಳೆ ಬಂದರೆ ನೀರೆಲ್ಲ ಚರಂಡಿಗೆ. ಒಂದೇ ದಿನ 40 ಮಿಲಿಮೀಟರ್ ಸುರಿದರೆ ನಮ್ಮ ಮಾಳಿಗೆಯಿಂದ ಸುಮಾರು 9,000 ಲೀಟರ್ ಇಳಿಯುತ್ತೆ. ಅದಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ 20,000 ಲೀಟರ್ ಸಂಪನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿಸಲ್ಲ. ಹೀಗೆ ಮಾಡಿದರೂ ವರ್ಷದ ನೀರಲ್ಲಿ ಅರ್ಧ ಕೈಗೆ ಸಿಕ್ಕಿದರೆ ದೊಡ್ಡದು.

ಕಾರ್ಡ್ 4: ಉಕ್ಕಿದ ನೀರು ಮತ್ತು ಎರೆ ಮಣ್ಣು

ಸಂಪು ತುಂಬಿ ಉಕ್ಕಿದ್ದನ್ನ ಇಂಗುಗುಂಡಿಗೆ ಬಿಡಿ ಅಂತಾರೆ. ಬಿಡಬಹುದು, ಆದರೆ ಮೊದಲು ಮಣ್ಣು ನೋಡಿ. ನಮ್ಮ ಭಾಗದ ಎರೆ ಮಣ್ಣು ನೀರು ಕುಡಿದು ಉಬ್ಬಿ, ಬಿರುಕುಗಳನ್ನ ಮುಚ್ಚಿಕೊಳ್ಳುತ್ತೆ. ಆಮೇಲೆ ನೀರು ಕೆಳಗೆ ಇಳಿಯಲ್ಲ. ಗುಂಡಿ ಎರೆ ಪದರವನ್ನ ದಾಟಿ ಗರಸಿನವರೆಗೆ ಹೋಗಬೇಕು. ತೋಡಿದ ಮೇಲೆ ನೀರು ತುಂಬಿಸಿ ನೋಡಿ. ಮರುದಿನವೂ ಹಾಗೇ ನಿಂತಿದ್ದರೆ ಅದು ಇಂಗುಗುಂಡಿಯಲ್ಲ, ಸೊಳ್ಳೆ ಸಾಕುವ ಹೊಂಡ. ಪಾಯದ ಪಕ್ಕದಲ್ಲಂತೂ ತೋಡಲೇಬೇಡಿ, ಎರೆ ಉಬ್ಬಿ ಕುಗ್ಗಿದಾಗ ಗೋಡೆ ಬಿರುಕು ಬಿಡುತ್ತೆ. ಪಾರ್ಕಿಂಗ್ ಜಾಗದ ನೀರು ಎಣ್ಣೆ ಹೊತ್ತು ತರುತ್ತೆ, ಅದನ್ನ ಬೋರ್‌ವೆಲ್‌ಗೆ ಬಿಡಬಾರದು.

ಕಾರ್ಡ್ 5: ಖರ್ಚು, ನಿರ್ವಹಣೆ, ಉಳಿತಾಯ

ಪೈಪು, ವಾಲ್ವು, ಫಿಲ್ಟರ್, ಕೂಲಿ ಸೇರಿ ನಮಗೆ 60,000 ರೂಪಾಯಿ ಬಿತ್ತು, ಮನೆಗೆ 5,000. ಸಂಪು ಮೊದಲೇ ಇದ್ದುದರಿಂದ ಇಷ್ಟರಲ್ಲಿ ಮುಗಿಯಿತು. ಮೇ ಕೊನೆಗೆ ಮಾಳಿಗೆ ಗುಡಿಸಿ ತೊಳೆಯೋದು, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ತೊಳೆಯೋದು, ವರ್ಷಕ್ಕೊಮ್ಮೆ ಸಂಪು ಸ್ವಚ್ಛ ಮಾಡಿಸೋದು: ಇದಕ್ಕೆ ವರ್ಷಕ್ಕೆ 3,000.

ಸಿಗೋದು ವರ್ಷಕ್ಕೆ 67,000 ಲೀಟರ್, ಅಂದರೆ 5,000 ಲೀಟರಿನ 13 ಟ್ಯಾಂಕರ್. ಒಂದಕ್ಕೆ 600 ರೂಪಾಯಿ ಹಿಡಿದರೆ 7,800. ನಿರ್ವಹಣೆ ಕಳೆದರೆ 4,800. ಮನೆಗೆ ವರ್ಷಕ್ಕೆ 400 ರೂಪಾಯಿ! ಹಾಕಿದ ದುಡ್ಡು ವಾಪಸ್ ಬರೋಕೆ ಹನ್ನೆರಡು ವರ್ಷದ ಮೇಲೆ ಬೇಕು. ನಿಮ್ಮ ಬಡಾವಣೆಯ ಟ್ಯಾಂಕರ್ ದರ ಹಾಕಿ ನೀವೇ ಲೆಕ್ಕ ಮಾಡಿ. ಮೂರೇ ವರ್ಷದಲ್ಲಿ ಪೂರ್ತಿ ವಾಪಸ್ ಅಂತ ಯಾರಾದರೂ ಮಾರೋಕೆ ಬಂದರೆ, ಮಾಳಿಗೆ ಎಷ್ಟು, ಜನ ಎಷ್ಟು, ಸಂಪಿನಲ್ಲಿ ಖಾಲಿ ಜಾಗ ಎಷ್ಟು ಅಂತ ಕೇಳಿ.

ಹಾಗಾದರೆ ಯಾಕೆ ಮಾಡಬೇಕು?

ಮಾನ್ವಿ, ದೇವದುರ್ಗದ ಕಡೆ ಬಂದರೆ ಇದೇ ಲೆಕ್ಕ ತಿರುಗಿ ನಿಲ್ಲುತ್ತೆ. ಅಲ್ಲಿ ನಾಲ್ಕು ಬಾಡಿಗೆ ಮನೆಗಳ ಸಣ್ಣ ಕಟ್ಟಡಗಳೇ ಹೆಚ್ಚು, ಜತೆಗೆ ಹಲವು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲವೆಂದರೂ ನಡೆಯುತ್ತೆ.

16 ಜನರ ಕಟ್ಟಡಕ್ಕೆ ಕುಡಿಯೋಕೆ, ಅಡುಗೆಗೆ ಮಾತ್ರ ಅಂದರೆ ತಲೆಗೆ 5 ಲೀಟರಿನಂತೆ ದಿನಕ್ಕೆ 80 ಲೀಟರ್ ಸಾಕು. 1,000 ಚದರ ಅಡಿ ಮಾಳಿಗೆಯಿಂದ 5,000 ಲೀಟರ್ ಟ್ಯಾಂಕ್ ತುಂಬೋಕೆ 70 ಮಿಲಿಮೀಟರ್ ಮಳೆ ಸಾಕು. ಅದು ಎರಡು ತಿಂಗಳು ಬರುತ್ತೆ. ನವೆಂಬರ್‌ನಿಂದ ಮೇವರೆಗೂ ಬೇಕಂದರೆ ಅಂಥ ನಾಲ್ಕು ಟ್ಯಾಂಕ್ ಬೇಕು, ಖರ್ಚೂ ಏರುತ್ತೆ. ಈ ಟ್ಯಾಂಕ್ ಸಂಪಿನಿಂದ ಪ್ರತ್ಯೇಕವಾಗಿರಬೇಕು, ಬೆಳಕು ಬೀಳದಂತೆ ಮುಚ್ಚಿರಬೇಕು. ಇಲ್ಲಾಂದ್ರೆ ಪಾಚಿ ಕಟ್ಟುತ್ತೆ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲದಿದ್ದರೂ ಹಕ್ಕಿ ಹಿಕ್ಕೆಯ ರೋಗಾಣು ಇರಬಹುದು, ಹಾಗಾಗಿ ಕುಡಿಯೋ ನೀರನ್ನ ಕುದಿಸಲೇಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಸಣ್ಣ ಬಾಟಲಿ ಸಿಗುತ್ತೆ. ಅದಕ್ಕೆ ನೀರು ಹಾಕಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರು ಹಾಗೇ ಕುಡಿಯೋಕೆ ಬರಲ್ಲ.

ಬೆಂಗಳೂರಿನಲ್ಲಿ 2009ರಲ್ಲೇ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆಕೊಯ್ಲು ಕಡ್ಡಾಯ ಮಾಡಿದರು. ನಮ್ಮಲ್ಲೂ ಅಂಥದ್ದು ಬರಲಿ ಅನ್ನೋರು ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು. ವರ್ಷದ 365 ದಿನಗಳಲ್ಲಿ ನಮ್ಮ ಮಾಳಿಗೆ ಕೊಡೋದು ಹೆಚ್ಚೆಂದರೆ 21 ದಿನದ ನೀರು. ಉಳಿದ 344 ದಿನ ನಲ್ಲಿಯಲ್ಲಿ ಶುದ್ಧ ನೀರು ಬರಬೇಕು, ಅದು ಸರ್ಕಾರದ ಕೆಲಸ. ಕೃಷ್ಣೆ, ತುಂಗಭದ್ರೆ ಎರಡೂ ಇರುವ ಜಿಲ್ಲೆಯಲ್ಲಿ "ನೀವೇ ಮಳೆ ನೀರು ಹಿಡ್ಕೊಳ್ರಿ" ಅಂತ ಯಾವ ಅಧಿಕಾರಿಯಾದರೂ ಹೇಳಿದರೆ, ಈ ಎರಡು ಸಂಖ್ಯೆಗಳನ್ನ ಅವರ ಮುಂದಿಡಿ.