ಭಾವಚಿತ್ರದ ಹಿನ್ನೆಲೆ ಬದಲಾದಾಗ ವಿಭೂತಿ, ಶಿವದಾರ, ರುಮಾಲು ಕೆಡದಂತೆ ಉಳಿಸಿಕೊಳ್ಳುವ ಬಗೆ

ಲಿಂಗೈಕ್ಯರಾದ ಹಿರಿಯರ ಶಿವಗಣಾರಾಧನೆಯ ಆಹ್ವಾನ ಪತ್ರಿಕೆಗೆ ಹಳೆಯ ಭಾವಚಿತ್ರವೊಂದನ್ನು ಹುಡುಕಿ ತೆಗೆಯುವುದು ನಮ್ಮ ಮನೆಗಳ ವಾಡಿಕೆ. ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ಇಂಥ ಚಿತ್ರಗಳು ಹೆಚ್ಚಾಗಿ ಸ್ಟುಡಿಯೋದ ಪರದೆಯ ಮುಂದೆ ತೆಗೆದವು. ಈಗ ಕೃತಕ ಬುದ್ಧಿಮತ್ತೆಯ ಚಿತ್ರೋಪಕರಣಗಳು ಕೈಗೆಟುಕಿರುವುದರಿಂದ, ಆ ಪರದೆಯ ಜಾಗದಲ್ಲಿ ಹಿರಿಯರು ದುಡಿದ ಕಾಫಿ ತೋಟವನ್ನೋ ಮಂಜರಾಬಾದ್ ಕೋಟೆಯ ಗುಡ್ಡವನ್ನೋ ಕೂರಿಸುವ ಆಸೆ ಸಹಜ. ಆದರೆ ಹಿಂದಿರುಗಿ ಬಂದ ಚಿತ್ರವನ್ನು ಹತ್ತಿರದಿಂದ ನೋಡಿದರೆ ಹಲವು ಸಲ ಹಣೆಯ ಮೂರು ಭಸ್ಮರೇಖೆಗಳು ಒಂದೇ ಬಿಳಿ ಪಟ್ಟಿಯಾಗಿರುತ್ತವೆ, ಇಲ್ಲವೆ ನಿಲುವಾದ ನಾಮವಾಗಿರುತ್ತವೆ. ಕೊರಳ ಶಿವದಾರ ಎಡಹೆಗಲಿನಿಂದ ಇಳಿಯುವ ಜನಿವಾರವಾಗಿರುತ್ತದೆ. ಕರಡಿಗೆ ಹೊಳೆಯುವ ಪದಕವಾಗಿರುತ್ತದೆ.

ಇದು ಅಲಂಕಾರದಲ್ಲಿ ಆದ ಸಣ್ಣ ವ್ಯತ್ಯಾಸವಲ್ಲ. ಅಷ್ಟಾವರಣಗಳಲ್ಲಿ ಭಾವಚಿತ್ರದಲ್ಲಿ ಕಣ್ಣಿಗೆ ಕಾಣುವಂಥವು ಮುಖ್ಯವಾಗಿ ಮೂರು: ಲಿಂಗ, ವಿಭೂತಿ, ರುದ್ರಾಕ್ಷಿ. ಬಸವಣ್ಣನವರು ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದರೆಂದು ಶರಣ ಪರಂಪರೆಯ ಕಥನಗಳು ಹೇಳುತ್ತವೆ. ಅಂಥ ಪರಂಪರೆಯಲ್ಲಿ ಬಾಳಿದವರ ಎದೆಯ ಮೇಲೆ, ಅವರು ಇಲ್ಲವಾದ ಮೇಲೆ ಜನಿವಾರವನ್ನು ಬರೆಯುವುದೆಂದರೆ ಅವರ ಬದುಕಿನ ಬಗ್ಗೆ ಸುಳ್ಳು ನುಡಿದಂತೆ. ಆ ಚಿತ್ರವೇ ಮುಂದೆ ಗೋಡೆಯ ಮೇಲೆ ಉಳಿದರೆ ಮೊಮ್ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಆದ್ದರಿಂದ ಈ ತಪ್ಪು ಏಕಾಗುತ್ತದೆ, ಅದನ್ನು ತಪ್ಪಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೇಖೆಗಳು ಏಕೆ ಅಳಿಯುತ್ತವೆ

ಇಂಥ ಉಪಕರಣಗಳು ಹಿನ್ನೆಲೆಯನ್ನಷ್ಟೇ ಬದಲಿಸಿದಂತೆ ಕಂಡರೂ ಬಹಳಷ್ಟು ಸಲ ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಬರೆಯುವ ಮುನ್ನ ಮೂಲಚಿತ್ರವನ್ನು ಸಂಕ್ಷೇಪಿಸಿಕೊಳ್ಳುತ್ತವೆ. ಸ್ಟೇಬಲ್ ಡಿಫ್ಯೂಷನ್ ಎಂಬ ಪ್ರಸಿದ್ಧ ಮಾದರಿಯಲ್ಲಿ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಒಂದೊಂದು ಚೌಕವೂ ಒಂದೇ ಕೋಶವಾಗಿ ಅಡಕವಾಗುತ್ತದೆ. ಆ ಕೋಶಕ್ಕಿಂತ ಸಣ್ಣದಾದ ಗೆರೆ ಗೆರೆಯಾಗಿ ಉಳಿಯುವ ಭರವಸೆಯಿಲ್ಲ.

ಒಂದು ಲೆಕ್ಕವನ್ನು ನೋಡೋಣ. ಮೂರೂವರೆ ಅಂಗುಲ ಅಗಲ, ಐದೂವರೆ ಅಂಗುಲ ಎತ್ತರದ ಹಳೆಯ ಚಿತ್ರದಲ್ಲಿ ಅಜ್ಜನವರು ರುಮಾಲು ಸುತ್ತಿ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಅದನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಚಿತ್ರದ ಎತ್ತರ 3300 ಪಿಕ್ಸೆಲ್ ಆಗುತ್ತದೆ. ಅದರಲ್ಲಿ ತಲೆ ಸುಮಾರು 330 ಪಿಕ್ಸೆಲ್, ರುಮಾಲಿನ ಕೆಳಗೆ ಕಾಣುವ ಹಣೆ ಸುಮಾರು 60 ಪಿಕ್ಸೆಲ್. ಉಪಕರಣವು ಇಡೀ ಚಿತ್ರವನ್ನು 1024 ಪಿಕ್ಸೆಲ್ ಎತ್ತರಕ್ಕೆ ಕುಗ್ಗಿಸಿದಾಗ ಆ ಹಣೆಗೆ ಉಳಿಯುವುದು 19 ಪಿಕ್ಸೆಲ್. ಮೂರು ರೇಖೆ, ನಡುವಿನ ಎರಡು ತೆರವು, ಒಟ್ಟು ಐದು ಪಟ್ಟಿಗಳು ಅಷ್ಟರಲ್ಲೇ ಹಿಡಿಯಬೇಕು. ಒಂದೊಂದಕ್ಕೆ ದೊರೆಯುವುದು ನಾಲ್ಕು ಪಿಕ್ಸೆಲ್, ಅಂದರೆ ಅರ್ಧ ಕೋಶ. ಅಲ್ಲಿ ಉಪಕರಣಕ್ಕೆ ಕಾಣುವುದು ಹಣೆಯ ಮೇಲಿನ ಮಸುಕಾದ ಬಿಳುಪು ಮಾತ್ರ. ಆ ಬಿಳುಪನ್ನು ತಾನು ಕಲಿತಿರುವ ಯಾವುದೋ ತಿಲಕದ ಆಕಾರಕ್ಕೆ ಅದು ತಿದ್ದಿಬಿಡುತ್ತದೆ.

ಜನಿವಾರದ ತಪ್ಪಿಗೂ ಕಾರಣ ಇದೇ ಬಗೆಯದು. ಎದೆಯ ಮೇಲೆ ತೆಳುವಾದ ದಾರವೊಂದು ಅರೆಬರೆಯಾಗಿ ಕಂಡಾಗ ಉಪಕರಣ ತನಗೆ ಹೆಚ್ಚು ಪರಿಚಿತವಾದ ಹಾದಿಯಲ್ಲಿ ಅದನ್ನು ಪೂರ್ತಿಗೊಳಿಸುತ್ತದೆ. ರುಮಾಲೂ ಹಾಗೆಯೇ. ಮಲೆನಾಡಿನ ಹಿರಿಯರು ಬಟ್ಟೆಯನ್ನು ತಲೆಗೆ ಸುತ್ತಿಕೊಂಡ ರುಮಾಲು, ಹೊಲಿದು ಸಿದ್ಧಪಡಿಸಿದ ಜರಿ ಅಂಚಿನ ಮೈಸೂರು ಪೇಟ, ರಾಜಸ್ಥಾನದ ಸಾಫಾ, ಇವೆಲ್ಲ ಅದಕ್ಕೆ ಒಂದೇ ಹೆಸರಿನ ವಸ್ತು. ಕೇಳದಿದ್ದರೂ ಮುಂಭಾಗದಲ್ಲಿ ರತ್ನವನ್ನೋ ತುರಾಯಿಯನ್ನೋ ಸಿಕ್ಕಿಸುವುದುಂಟು.

ಮೊದಲು ಕೇಳಿ ಬರೆದಿಟ್ಟುಕೊಳ್ಳಿ

ಚಿತ್ರವನ್ನು ಉಪಕರಣಕ್ಕೆ ಕೊಡುವ ಮುನ್ನ ಮನೆಯ ಹಿರಿಯರ ಬಳಿ ಕುಳಿತು ವಿವರಗಳನ್ನು ಬರೆದುಕೊಳ್ಳಬೇಕು. ರೇಖೆಗಳು ಹಣೆಯ ತುದಿಯಿಂದ ತುದಿಯವರೆಗೆ ಇದ್ದವೇ, ನಡುವೆ ಮಾತ್ರವೇ? ನಡುವೆ ಕುಂಕುಮವಿತ್ತೇ? ಲಿಂಗವನ್ನು ಕರಡಿಗೆಯಲ್ಲಿ ಧರಿಸುತ್ತಿದ್ದರೇ, ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದರೇ? ಅದು ಅಂಗಿಯ ಹೊರಗಿತ್ತೇ, ಒಳಗಿತ್ತೇ? ರುಮಾಲಿನ ಬಣ್ಣವೇನು, ಅದರ ತುದಿಯನ್ನು ಯಾವ ಬದಿಗೆ ಸಿಕ್ಕಿಸುತ್ತಿದ್ದರು?

ಕಪ್ಪು ಬಿಳುಪು ಚಿತ್ರಗಳಲ್ಲಿ ಬಣ್ಣದ ಪ್ರಶ್ನೆಗೆ ಉತ್ತರ ಚಿತ್ರದೊಳಗೆ ಸಿಗುವುದಿಲ್ಲ. ಕೆಂಪಿಗೆ ಸ್ಪಂದಿಸದ ಹಳೆಯ ಫಿಲ್ಮುಗಳಲ್ಲಿ ಕೆಂಪು ರುಮಾಲು ಕಪ್ಪಾಗಿ ಬಂದಿರುತ್ತದೆ. ಅಜ್ಜಿಯವರ ಹಣೆಯ ಕುಂಕುಮವೂ ಕಪ್ಪು ಬೊಟ್ಟಾಗಿ ಕಾಣುತ್ತದೆ. ಉಪಕರಣ ಅದನ್ನು ಕಪ್ಪಾಗಿಯೇ ಉಳಿಸಬಹುದು, ಇಲ್ಲವೇ ಮಚ್ಚೆಯೆಂದು ಭಾವಿಸಿ ಅಳಿಸಬಹುದು. ಕಂಡವರ ನೆನಪಷ್ಟೇ ಇಲ್ಲಿ ಪ್ರಮಾಣ.

ವ್ಯಕ್ತಿಯನ್ನು ಮುಟ್ಟದೆ ಸ್ಥಳವನ್ನು ಮಾತ್ರ ಬದಲಿಸುವುದು

ಎಲ್ಲಕ್ಕಿಂತ ಭದ್ರವಾದ ವಿಧಾನ ಸರಳವಾಗಿದೆ. ಉಪಕರಣದಿಂದ ಜನರಿಲ್ಲದ ಸ್ಥಳದ ಚಿತ್ರವನ್ನಷ್ಟೇ ಮಾಡಿಸಿಕೊಳ್ಳಿ. ಸಿಲ್ವರ್ ಮರಗಳ ನೆರಳಿನ ಕಾಫಿ ತೋಟ, ಬೆಳಗಿನ ಮಂಜು, ಎದುರಿನಿಂದ ಬೀಳುವ ಮೃದು ಬೆಳಕು, ಇಷ್ಟು ಸಾಕು. ಆ ತೋಟದ ಛಾಯಾಚಿತ್ರವೇ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಬಳಿಕ ಮೂಲಚಿತ್ರದಿಂದ ಅಜ್ಜನವರ ಆಕೃತಿಯನ್ನು ಕತ್ತರಿಸಿ, ಬೇರೆ ಪದರವಾಗಿ ಅದರ ಮೇಲೆ ಇಡಬೇಕು. ಹೀಗೆ ಮಾಡಿದಾಗ ಹಣೆಯ, ಎದೆಯ ಒಂದು ಪಿಕ್ಸೆಲ್ ಕೂಡ ಉಪಕರಣದ ಕೈಗೆ ಹೋಗುವುದಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ವಿನ್ಯಾಸ ಮಾಡುವವರಿಗೂ ಇದು ಪರಿಚಿತವಾದ ಕೆಲಸ.

ಒಂದೇ ತಂತ್ರಾಂಶದಲ್ಲಿ ಮುಗಿಸುವವರು ಮರೆಪದರವನ್ನು ಬಳಸಬಹುದು. ಸ್ಟೇಬಲ್ ಡಿಫ್ಯೂಷನ್‌ಗಾಗಿ ಅನೇಕರು ಬಳಸುವ ವೆಬ್ ತೆರೆಯಲ್ಲಿ ವ್ಯಕ್ತಿಯ ಆಕೃತಿಯ ಮೇಲೆ ಬಣ್ಣ ಬಳಿದು `Inpaint not masked` ಎಂಬುದನ್ನು ಆಯ್ದುಕೊಂಡರೆ, ಬಳಿದ ಭಾಗವನ್ನು ಬಿಟ್ಟು ಉಳಿದುದಷ್ಟೇ ಬದಲಾಗುತ್ತದೆ. ರುಮಾಲಿನ ಅಂಚು, ಶಿವದಾರ, ಕರಡಿಗೆ, ಕೈಯಲ್ಲಿರುವ ವಸ್ತು, ಎಲ್ಲವೂ ಬಣ್ಣದೊಳಗೆ ಬಂದಿವೆಯೇ ಎಂದು ಹಿಗ್ಗಿಸಿ ನೋಡಬೇಕು. ಬಣ್ಣ ತಾಗದ ದಾರದ ತುಂಡು ಹಿನ್ನೆಲೆಯೆಂದೇ ಎಣಿಕೆಯಾಗಿ ಮಾಯವಾಗುತ್ತದೆ.

ಮಂಜಿನ ಹಿನ್ನೆಲೆಯಲ್ಲಿ ಇನ್ನೊಂದು ತೊಡಕುಂಟು. ಆಕೃತಿ ಹಿನ್ನೆಲೆಗೆ ಹೊಂದಲೆಂದು ಇಡೀ ಚಿತ್ರವನ್ನು ತಿಳಿಗೊಳಿಸಿದಾಗ, ಬಿಳಿಯ ವಿಭೂತಿಗೂ ಚರ್ಮಕ್ಕೂ ಇರುವ ಅಂತರ ಕಡಿಮೆಯಾಗಿ ರೇಖೆಗಳು ಕರಗುತ್ತವೆ. ಆದ್ದರಿಂದ ತಿಳಿಗೊಳಿಸುವಿಕೆಯನ್ನು ಹಿನ್ನೆಲೆಗೂ ಉಡುಪಿಗೂ ಸೀಮಿತಗೊಳಿಸಿ, ಹಣೆಯನ್ನು ಬಿಟ್ಟುಬಿಡುವುದು ಲೇಸು.

ಇಡೀ ಚಿತ್ರಕ್ಕೆ ವರ್ಣಚಿತ್ರದ ರೂಪ ಬೇಕಾದಾಗ

ಛಾಯಾಚಿತ್ರವನ್ನು ತೈಲವರ್ಣದ ಶೈಲಿಗೆ ತರಬೇಕೆಂದರೆ ವ್ಯಕ್ತಿಯನ್ನೂ ಮುಟ್ಟಲೇಬೇಕಾಗುತ್ತದೆ. ಆಗ ತಲೆಯ ಭಾಗವನ್ನಷ್ಟೇ ಬೇರೆ ಮಾಡಿ, ಹಿಗ್ಗಿಸಿ ಕೊಡಬೇಕು. ಮೇಲಿನ ಲೆಕ್ಕದ 330 ಪಿಕ್ಸೆಲ್ ತಲೆಯನ್ನು 800ಕ್ಕೆ ಹಿಗ್ಗಿಸಿದರೆ ಹಣೆ 145 ಪಿಕ್ಸೆಲ್ ಆಗುತ್ತದೆ. ಒಂದೊಂದು ಪಟ್ಟಿಗೆ 29 ಪಿಕ್ಸೆಲ್, ಅಂದರೆ ಮೂರು ಕೋಶಕ್ಕಿಂತ ಹೆಚ್ಚು ಜಾಗ ಸಿಗುತ್ತದೆ. ಅದೇ ತೆರೆಯಲ್ಲಿ `Denoising strength` ಎಂಬ ಅಳತೆಯಿದೆ. ಆರಂಭದಲ್ಲಿ 0.75 ಇರುವ ಅದನ್ನು 0.3ರ ಆಸುಪಾಸಿಗೆ ಇಳಿಸಿದರೆ ಮೂಲದ ಆಕಾರಗಳು ಹೆಚ್ಚು ಉಳಿಯುತ್ತವೆ, ಶೈಲಿಯ ಬದಲಾವಣೆ ಮಾತ್ರ ಸೌಮ್ಯವಾಗುತ್ತದೆ.

ಸೂಚನೆ ಬರೆಯುವಾಗ ಹೆಸರಿಗಿಂತ ಆಕಾರವನ್ನು ಹೇಳುವುದು ಫಲಕಾರಿ. ತಿಲಕ ಎಂದರೆ ಯಾವ ತಿಲಕವೂ ಆಗಬಹುದು. ಬೇಡವಾದುದನ್ನು ಮುಖ್ಯ ಸೂಚನೆಯಲ್ಲಿ ನಿಷೇಧದ ಮಾತಿನಿಂದ ಬರೆದರೆ, ಆ ಮಾದರಿಗಳು ನಿಷೇಧವನ್ನು ಬಿಟ್ಟು ಹೆಸರನ್ನೇ ಹಿಡಿದು ಅದೇ ವಸ್ತುವನ್ನು ತರುವುದುಂಟು. ಅದಕ್ಕಾಗಿಯೇ ಇರುವ `Negative prompt` ಎಂಬ ಪ್ರತ್ಯೇಕ ಜಾಗದಲ್ಲಿ ಅದನ್ನು ಬರೆಯಬೇಕು.

```
Prompt: three thin horizontal lines of grey-white ash
across the forehead, cord around the neck holding
a small silver case at the chest, plain wound turban

Negative prompt: vertical forehead mark, diagonal
thread across chest, turban jewel, feather, pendant
```

ಇಷ್ಟಾದರೂ ಫಲಿತಾಂಶವನ್ನು ಮೂಲದೊಂದಿಗೆ ಹೋಲಿಸಿ ಹಣೆಯನ್ನು ಕೈಯಿಂದ ತಿದ್ದಬೇಕಾಗಬಹುದು. ವಿಭೂತಿ ಬಣ್ಣವಲ್ಲ, ಭಸ್ಮ ಎಂಬುದು ಆಗ ನೆನಪಿರಬೇಕು. ಮೂರು ಬೆರಳುಗಳಿಂದ ಎಳೆದ ರೇಖೆಯಲ್ಲಿ ಬೆರಳಿನ ಜಾಡು ಇರುತ್ತದೆ, ಅಲ್ಲಲ್ಲಿ ಚರ್ಮ ಕಾಣುತ್ತದೆ, ಹಣೆಯ ಸುಕ್ಕಿನೊಡನೆ ರೇಖೆಯೂ ಬಾಗುತ್ತದೆ. ಅಳತೆಪಟ್ಟಿ ಇಟ್ಟು ಸುಣ್ಣ ಬಳಿದಂತೆ ಹೊಳೆಯುವ ನೇರ ಗೆರೆಗಳು ಕಂಡರೆ ಅವು ಉಪಕರಣದವು.

ಮುದ್ರಣಕ್ಕೆ ಮುನ್ನ

ಹೊಸ ಚಿತ್ರವನ್ನು ಮೂಲಚಿತ್ರದ ಮೇಲೆ ಅದೇ ಅಳತೆಯಲ್ಲಿ ಪದರವಾಗಿ ಇಟ್ಟು, ಮೇಲಿನ ಪದರವನ್ನು ಒಮ್ಮೆ ಮರೆಮಾಡಿ ಒಮ್ಮೆ ತೋರಿಸಿ ನೋಡಿ. ಬದಲಾದ ಜಾಗ ಕಣ್ಣಿಗೆ ಮಿಡಿದಂತೆ ತಟ್ಟನೆ ಗೊತ್ತಾಗುತ್ತದೆ. ರೇಖೆಗಳ ಎಣಿಕೆ, ದಾರ ಕೊರಳನ್ನು ಬಳಸಿದ ಬಗೆ, ಕರಡಿಗೆಯ ಆಕಾರ, ರುಮಾಲಿನ ಸುತ್ತುಗಳು, ಅದರ ತುದಿ ಇರುವ ಬದಿ, ಈ ಐದನ್ನು ಒಂದೊಂದಾಗಿ ಪರೀಕ್ಷಿಸಬೇಕು. ತುದಿ ಬದಿ ಬದಲಿಸಿದ್ದರೆ ಇಡೀ ಚಿತ್ರವೇ ಕನ್ನಡಿಯಂತೆ ತಿರುಗಿರಬಹುದು. ಆಮೇಲೆ ಅವರನ್ನು ಕಂಡು ಬಲ್ಲ ಹಿರಿಯರೊಬ್ಬರಿಗೆ, ಮೊಬೈಲಿನ ಸಣ್ಣ ತೆರೆಯಲ್ಲಲ್ಲದೆ, ಕಾಗದದ ಮೇಲೆ ಮುದ್ರಿಸಿ ತೋರಿಸಬೇಕು.

ಮೂಲಚಿತ್ರವೇ ಮಾಸಿ ಹಣೆ ಕಾಣದಂತಾಗಿದ್ದರೆ ಯಾವ ಉಪಕರಣವೂ ಅಲ್ಲಿದ್ದುದನ್ನು ಮರಳಿ ತರಲಾರದು. ಅದು ಕೊಡುವುದು ಊಹೆ ಮಾತ್ರ. ಅಂಥಲ್ಲಿ ಅದೇ ಹಿರಿಯರ ಬೇರೊಂದು ಚಿತ್ರವನ್ನು ನೋಡಿ ತಿದ್ದಬಹುದು. ಅದೂ ಇಲ್ಲದಿದ್ದರೆ ಮಾಸಿದ್ದನ್ನು ಮಾಸಿದಂತೆಯೇ ಬಿಡುವುದು ಪ್ರಾಮಾಣಿಕ. ಪೂಜ್ಯರ ಭಾವಚಿತ್ರವಾದರೆ ಕೆಲಸಕ್ಕೆ ಕೈಹಾಕುವ ಮುನ್ನವೇ ಆಯಾ ಶ್ರೀಮಠದವರ ಅನುಮತಿ ಪಡೆಯತಕ್ಕದ್ದು.

ಸಿದ್ಧವಾದ ಚಿತ್ರದ ಕೆಳಗೆ ‘ಮೂಲ ಭಾವಚಿತ್ರ, ಹಿನ್ನೆಲೆಯನ್ನು ಬದಲಿಸಲಾಗಿದೆ’ ಎಂಬ ಒಂದು ಸಾಲನ್ನು ಸೇರಿಸಿ. ಮೂಲಚಿತ್ರದ ಸ್ಕ್ಯಾನನ್ನು ತಿದ್ದದೆ ಪ್ರತ್ಯೇಕವಾಗಿ ಉಳಿಸಿಡಿ. ಮುಂದೆ ಯಾರಾದರೂ ಸಂದೇಹಪಟ್ಟರೆ ನೋಡಬೇಕಾದುದು ಅದನ್ನೇ.