ಕವಡೆಯೊಳಗೆ ಅಡಗಿ ಕೂತ ದಾಳ

ಕವಡೆ ಆಟವನ್ನು ದಾಳದ ಆಟ ಮಾಡಿದವರಲ್ಲಿ ಮೊಬೈಲ್ ಆ್ಯಪ್ ಬರೆಯುವವರು ಮೊದಲಿಗರಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪಚ್ಚೀಸಿ ಆಟ ಲೂಡೊ ಎಂಬ ಹೆಸರಲ್ಲಿ ಪೇಟೆಂಟ್ ಪಡೆದಾಗಲೇ ಕವಡೆ ಹೋಗಿ ಆರು ಮುಖದ ದಾಳ ಬಂದಿತ್ತು. ಅದೇ ಲೂಡೊ ಮುಂದೆ ನಮ್ಮ ಊರುಗಳಿಗೂ ಬಂತು. ಈಗ ಚೌಕಾಬಾರವನ್ನು ಪರದೆಗೆ ತರುವವರು ಎಚ್ಚರ ತಪ್ಪಿದರೆ ಅದೇ ಕಥೆ ಮತ್ತೊಮ್ಮೆ ನಡೆಯುತ್ತದೆ. ಈ ಸಲ ಪರದೆಯ ಮೇಲೆ ಕವಡೆಯ ಚಿತ್ರ ಇರುತ್ತದೆ, ಒಳಗೆ ಉರುಳುವುದು ಮಾತ್ರ ದಾಳ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಆಟಗಳನ್ನು ಗ್ರಂಥಕ್ಕೆ ಏರಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಇರುವುದೇ ಅದಕ್ಕೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಆಡುವ ಚೌಕಾಬಾರ, ಕೆಲವು ಕಡೆ ಕಟ್ಟೆಮನೆ, ನಮಗೆ ದಾಟಿಬಂದದ್ದು ಬಾಯಿಂದ ಬಾಯಿಗೆ. ಹಾಗಾಗಿ ಕೋಡ್ ಬರೆಯುವವರು ಏನು ಬರೆಯುತ್ತಾರೋ ನಾಳೆಯ ಮಕ್ಕಳಿಗೆ ಅದೇ ನಿಯಮ.

ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಿನ ಮನೆ. ನಾಲ್ಕು ಕವಡೆ ಎಸೆದಾಗ ಎಷ್ಟು ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ.

ಬೀಳಬಹುದಾದ ಗರ ಐದೇ ಅಲ್ಲವೇ ಎಂದು ಕಂಪ್ಯೂಟರಿಗೆ ‘ಐದರಲ್ಲಿ ಒಂದನ್ನು ಆರಿಸು’ ಎಂದರೆ ಎಡವಟ್ಟಾಗುತ್ತದೆ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಕವಡೆ ಬೀಳುವ ಬಗೆ 16. ಅದರಲ್ಲಿ ಎರಡರ ಗರಕ್ಕೆ 6 ಬಗೆ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು. ಅಂದರೆ ಚೌಕ–ಬಾರ ಎರಡೂ ಸೇರಿ ನೂರಕ್ಕೆ ಹನ್ನೆರಡೂವರೆ. ಐದರಲ್ಲಿ ಒಂದನ್ನು ಆರಿಸುವ ಆ್ಯಪಿನಲ್ಲಿ ಅದು ನೂರಕ್ಕೆ 40 ಆಗುತ್ತದೆ!

ಇದರಿಂದ ಆಟದ ನಡಿಗೆಯೇ ಬದಲಾಗುತ್ತದೆ. ಮತ್ತೆ ಸಿಗುವ ಎಸೆತಗಳನ್ನೂ ಸೇರಿಸಿದರೆ ಕವಡೆಯಲ್ಲಿ ಒಂದು ಸರದಿಗೆ ಸರಾಸರಿ ಮೂರು ಮನೆಗಿಂತ ಸ್ವಲ್ಪ ಕಡಿಮೆ ಸಾಗುತ್ತೇವೆ, ಆ ಆ್ಯಪಿನಲ್ಲಿ ಆರು ಮನೆ. ಸಂಜೆಯೆಲ್ಲ ಆಡಬೇಕಾದದ್ದು ಬಸ್ಸು ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ಸರಿಪಡಿಸಲು ಬೇಕಾದದ್ದು ಇಷ್ಟೇ:

```python
import random

def gara(p=0.5):
    angata = sum(random.random() < p for _ in range(4))
    return 8 if angata == 0 else angata
```

ಇಲ್ಲಿ `p` ಎಂದರೆ ಒಂದು ಕವಡೆ ಅಂಗಾತ ಬೀಳುವ ಸಾಧ್ಯತೆ. ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಆದ್ದರಿಂದ ಅದು ಸರಿಯಾಗಿ ಅರ್ಧರ್ಧವೇ ಬೀಳಬೇಕೆಂದಿಲ್ಲ. ಒಂದು ಕವಡೆ ನೂರಕ್ಕೆ 40 ಸಲ ಮಾತ್ರ ಅಂಗಾತ ಬೀಳುತ್ತದೆ ಎಂದುಕೊಳ್ಳಿ. ಆಗ ಬಾರ ನೂರಕ್ಕೆ 13ರಷ್ಟು, ಚೌಕ ಮೂರಕ್ಕಿಂತಲೂ ಕಡಿಮೆ. ಒಂದು ಬದಿ ಉಜ್ಜಿದ ಹುಣಸೆ ಬೀಜದಲ್ಲಿ ಆಡಿದರೆ ಲೆಕ್ಕ ಇನ್ನೊಂದು. ನಿಮ್ಮ ಮನೆಯ ಕವಡೆಗಳನ್ನೇ ಕೆಲವು ನೂರು ಸಲ ಎಸೆದು ಎಣಿಸಿ `p` ಹಾಕುವುದು ಒಳ್ಳೆಯದು.

ದೊಡ್ಡ ನಷ್ಟ ಕಾಯಿ ಕಡಿಯುವ ಜಾಗದಲ್ಲಿ. ಸಮನಾದ ಕವಡೆಯಲ್ಲಿ ನಮ್ಮ ಕಾಯಿಗಿಂತ ಎರಡು ಮನೆ ಹಿಂದೆ ಎದುರಾಳಿಯ ಕಾಯಿ ಇದ್ದರೆ ಮೊದಲ ಎಸೆತದಲ್ಲೇ ಕಡಿಸಿಕೊಳ್ಳುವ ಅಪಾಯ ನೂರಕ್ಕೆ 37ಕ್ಕೂ ಹೆಚ್ಚು. ನಾಲ್ಕು ಮನೆ ಹಿಂದಿದ್ದರೆ ಆರು ಚಿಲ್ಲರೆ. ಐದು ಮನೆ ಹಿಂದಿದ್ದರೆ ಅವರಿಗೆ ಚೌಕ ಬಿದ್ದು ಅದರ ಹಿಂದೆಯೇ ಒಂದು ಬೀಳಬೇಕು, 64ಕ್ಕೆ ಒಂದು ಸಲ. ಕಟ್ಟೆ ಸಿಗದಿದ್ದಾಗ ಹಿರಿಯರು ಕಾಯಿಯನ್ನು ಐದು ಮನೆ ದೂರ ನಿಲ್ಲಿಸುವುದು ಸುಮ್ಮನೆ ಅಲ್ಲ. ಐದರಲ್ಲಿ ಒಂದನ್ನು ಆರಿಸುವ ಆ್ಯಪಿನಲ್ಲಿ ಎರಡು ಮನೆಯೂ ಒಂದೇ, ನಾಲ್ಕು ಮನೆಯೂ ಒಂದೇ, ಎರಡಕ್ಕೂ ನೂರಕ್ಕೆ 20. ಅಜ್ಜಿಯ ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ.

ಕಡಿದ ಕಾಯಿ ತನ್ನ ಕಟ್ಟೆಗೆ ಹಿಂದಿರುಗುತ್ತದೆ, ಕಡಿದವರಿಗೆ ಮತ್ತೊಂದು ಆಟ. ಗುರುತು ಹಾಕಿದ ಕಟ್ಟೆಯಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಒಂದಾದರೂ ಕಾಯಿ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ನಾವು ಹೆಚ್ಚಾಗಿ ಕಂಡ ಪದ್ಧತಿ. ಕೋಡಿನಲ್ಲಿ ‘ಕಡಿದಿದ್ದಾರೆ’ ಎಂಬ ಗುರುತನ್ನು ಆಟಗಾರನ ಹೆಸರಿಗೆ ಇಡಬೇಕು, ಕಾಯಿಯ ಹೆಸರಿಗಲ್ಲ. ಒಬ್ಬರು ಒಮ್ಮೆ ಕಡಿದರೆ ಅವರ ನಾಲ್ಕೂ ಕಾಯಿಗೆ ಬಾಗಿಲು ತೆರೆಯುತ್ತದೆ. ಕಡಿಯದೆ ಬಾಗಿಲಿಗೆ ಬಂದ ಕಾಯಿ ಏನು ಮಾಡಬೇಕು? ಕೆಲವರು ಅಲ್ಲೇ ಕಾಯಿಸುತ್ತಾರೆ, ಕೆಲವರು ಇನ್ನೊಂದು ಸುತ್ತು ಹೊರಗೇ ಹೊಡೆಸುತ್ತಾರೆ. ಸುತ್ತು ಹೊಡೆಸಿದರೆ ಹಿಂದುಳಿದವರಿಗೂ ಕಡಿಯಲು ಬೇಟೆ ಸಿಗುತ್ತಿರುತ್ತದೆ, ಆಟ ರಂಗಾಗಿರುತ್ತದೆ. ನಮ್ಮ ಒಲವು ಅದಕ್ಕೇ. ಆದರೂ ಎರಡನ್ನೂ ಆಯ್ಕೆಯಾಗಿ ಇಟ್ಟು, ಆಟ ಶುರುವಾಗುವ ಮೊದಲೇ ಆಡುವವರನ್ನು ಕೇಳಲಿ. ಜಗಲಿಯಲ್ಲೂ ಕವಡೆ ಕೈಗೆತ್ತಿಕೊಳ್ಳುವ ಮುಂಚೆ ಇದೇ ಜಗಳ ಮೊದಲು ತೀರುತ್ತಿತ್ತು.