ಮುಷ್ಕರದ ತಿಂಗಳು, ಅದರ ಮುಂದಿನ ತಿಂಗಳುಗಳು: ಮಾರಾಟದ ಕಾಲಶ್ರೇಣಿಯಲ್ಲಿ ಮಧ್ಯಪ್ರವೇಶ ವಿಶ್ಲೇಷಣೆ

1970ರ ಸೆಪ್ಟೆಂಬರ್ ಮಧ್ಯದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಯುನೈಟೆಡ್ ಆಟೋ ವರ್ಕರ್ಸ್ ಸಂಘ ಹೂಡಿದ ಮುಷ್ಕರ ನವೆಂಬರ್‌ವರೆಗೂ ನಡೆಯಿತು. ಇಂಥ ಮುಷ್ಕರದಲ್ಲಿ ಉತ್ಪಾದನೆ ಮೊದಲ ದಿನವೇ ನಿಲ್ಲುತ್ತದೆ. ಮಾರಾಟ ಮಾತ್ರ ಡೀಲರುಗಳ ದಾಸ್ತಾನು ಕರಗುವವರೆಗೂ ಸಾಗುತ್ತದೆ. ಮುಷ್ಕರ ಮುಗಿದ ಮೇಲೆ, ಕಾದು ಕುಳಿತಿದ್ದ ಗ್ರಾಹಕರು ಒಟ್ಟಿಗೇ ಬರುತ್ತಾರೆ. ಆದ್ದರಿಂದ ಮುಷ್ಕರದ ಗುರುತು ಶ್ರೇಣಿಯ ಒಂದೇ ಬಿಂದುವಿನಲ್ಲಿ ಇರುವುದಿಲ್ಲ. ಕುಸಿದ ತಿಂಗಳನ್ನಷ್ಟೇ ಔಟ್‌ಲಯರ್ ಎಂದು ತಿದ್ದಿದರೆ ನಂತರದ ಏರಿಕೆ ಬೇಡಿಕೆಯ ಬೆಳವಣಿಗೆಯಂತೆ ಕಾಣುತ್ತದೆ. ಈ ತಪ್ಪು ತಿದ್ದದೇ ಬಿಡುವುದಕ್ಕಿಂತ ಕಡಿಮೆಯದೇನಲ್ಲ.

ತಿದ್ದದೇ ಬಿಟ್ಟರೆ ಏನಾಗುತ್ತದೆಂದು ಒಂದು ಕಲ್ಪಿತ ಶ್ರೇಣಿಯಲ್ಲಿ ನೋಡೋಣ. ಮುಷ್ಕರದ ಅಕ್ಟೋಬರಿನಲ್ಲಿ ಮಾರಾಟ ನಿರೀಕ್ಷೆಗಿಂತ 150 ಸಾವಿರ ಕಡಿಮೆಯಾಯಿತು ಎಂದಿಟ್ಟುಕೊಳ್ಳೋಣ. ಮಾದರಿ ಹೀಗಿದೆ:

(1 − B¹²) y_t = (1 − 0.6 B¹²) a_t

ಇಲ್ಲಿ ಮುಂದಿನ ಅಕ್ಟೋಬರಿನ ಮುನ್ನಂದಾಜು ಈ ಕುಸಿತದ ಶೇ. 40ರಷ್ಟನ್ನು, ಅಂದರೆ 60 ಸಾವಿರವನ್ನು, ಋತುಮಾನವೆಂದೇ ನಂಬಿ ಕಳೆದುಬಿಡುತ್ತದೆ. ಮುಷ್ಕರವಿಲ್ಲದ ಆ ತಿಂಗಳು ಬಂದಾಗ ಶೇಷ 60 ಸಾವಿರದಷ್ಟು ಮೇಲಕ್ಕೆ ಸರಿಯುತ್ತದೆ. ದೊಡ್ಡ ಋಣ ಶೇಷವೊಂದರ ಹನ್ನೆರಡು ತಿಂಗಳ ಬಳಿಕ ಧನ ಶೇಷ ಕಂಡರೆ ಮೊದಲು ಇದನ್ನೇ ಶಂಕಿಸಬೇಕು.

ಬಾಕ್ಸ್ ಮತ್ತು ಟಿಯಾವ್ 1975ರಲ್ಲಿ ಮಂಡಿಸಿದ ವಿಧಾನದಲ್ಲಿ ಘಟನೆಯ ಪರಿಣಾಮವನ್ನೂ ಉಳಿದ ಏರಿಳಿತವನ್ನೂ ಒಟ್ಟಿಗೇ ಅಂದಾಜಿಸಲಾಗುತ್ತದೆ:

y_t = ω₀P_t + ω₁P_(t−1) + ω₂P_(t−2) + N_t

P_t ಮುಷ್ಕರದ ತಿಂಗಳಲ್ಲಿ 1, ಉಳಿದೆಡೆ 0. N_t ಮೇಲಿನ ಋತುಮಾನದ ಮಾದರಿಯನ್ನು ಅನುಸರಿಸುತ್ತದೆ. ಅಂದಾಜುಗಳು −150, +70, +40 ಎಂದು ಬಂದವೆನ್ನಿ. ಮೊತ್ತ −40. ಅಂದರೆ 110 ಸಾವಿರ ಖರೀದಿ ಮುಂದಕ್ಕೆ ಹೋಗಿತ್ತಷ್ಟೆ, 40 ಸಾವಿರ ಕೈತಪ್ಪಿತು. ಆಡಳಿತಕ್ಕೆ ನಿಜವಾಗಿ ಬೇಕಾದ ಅಂಕಿ ಈ ಮೊತ್ತವೇ. ಅದರ ದೋಷಮಿತಿಯನ್ನು ಲೆಕ್ಕಹಾಕುವಾಗ ಮೂರು ಅಂದಾಜುಗಳ ನಡುವಿನ ಸಹವಿಚಲನೆಯನ್ನು ಬಿಡುವಂತಿಲ್ಲ. ಮೂಲ ಅಂಕಿಗಳನ್ನು ಅಳಿಸದೆ, ಈ ಪರಿಣಾಮವನ್ನು ಕಳೆದ ಶ್ರೇಣಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

ಔಟ್‌ಲಯರ್‌ಗಳನ್ನು ತಾನಾಗಿಯೇ ಹುಡುಕುವ ಕ್ರಮ ಇಲ್ಲಿ ಸಾಲದು. ಅದು −150ನ್ನು ಹಿಡಿದು, ಮಿತಿಗಿಂತ ಕೆಳಗಿನ +40ನ್ನು ಬಿಟ್ಟುಬಿಡಬಹುದು. ಆಗ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮುಷ್ಕರದ ದಿನಾಂಕಗಳು ಗೊತ್ತಿರುವಾಗ ಅವನ್ನೇ ಆಧರಿಸುವುದು ಮೇಲು.

ಆದರೂ ಒಂದು ತೊಡಕು ಉಳಿಯುತ್ತದೆ. ಪ್ರತಿ ತಿಂಗಳಿಗೂ ಒಂದು ಸೂಚಕ ಇಟ್ಟರೆ, ಆ ತಿಂಗಳಲ್ಲಿ ನಡೆದದ್ದೆಲ್ಲವನ್ನೂ ಅದು ನುಂಗುತ್ತದೆ. 1969ರ ಡಿಸೆಂಬರಿನಲ್ಲಿ ಶುರುವಾದ ಅಮೆರಿಕದ ಆರ್ಥಿಕ ಹಿಂಜರಿತ ಕೊನೆಗೊಂಡದ್ದೂ 1970ರ ನವೆಂಬರಿನಲ್ಲೇ. ಹಾಗಾಗಿ ನಂತರದ ಏರಿಕೆಯಲ್ಲಿ ಕಾದಿದ್ದ ಗ್ರಾಹಕರೆಷ್ಟು, ಚೇತರಿಕೆಯೆಷ್ಟು ಎಂಬುದನ್ನು ಈ ಒಂದೇ ಶ್ರೇಣಿ ಬಿಡಿಸಿ ಹೇಳದು. ಫೋರ್ಡ್ ಮಾರಾಟವನ್ನು ಹೋಲಿಕೆಗೆ ತೆಗೆದುಕೊಂಡರೆ ಇನ್ನೊಂದು ಎಚ್ಚರ ಬೇಕು: ಕಾಯದ ಗ್ರಾಹಕರು ಅಲ್ಲಿಗೇ ಹೋಗಿದ್ದರೆ, ಅದೇ ಮಾರಾಟ ಒಮ್ಮೆ ಇಲ್ಲಿ ಇಳಿಕೆಯಾಗಿ, ಮತ್ತೊಮ್ಮೆ ಅಲ್ಲಿ ಏರಿಕೆಯಾಗಿ ಎಣಿಕೆಗೆ ಬಂದು ನಷ್ಟವನ್ನು ಹಿಗ್ಗಿಸುತ್ತದೆ.